ಹತ್ತು ಲಕ್ಷದ ಸಬ್ಸಿಡಿ, ಹತ್ತು ವರ್ಷದ ಲೆಕ್ಕ

"ಸರ್, ಸಬ್ಸಿಡಿ ಬಂತು. ಇದನ್ನು ಈ ವರ್ಷದ ಲಾಭಕ್ಕೆ ಹಾಕ್ತೀರಾ, ಬಂಡವಾಳಕ್ಕೆ ಹಾಕ್ತೀರಾ?"

ಮಾರ್ಚ್ ಮುಗಿದು, ಬಿಲ್ಲುಗಳ ಕಟ್ಟು ಹಿಡಿದು ಆಡಿಟರ್ ಕಚೇರಿಗೆ ಬರುವ ಸಣ್ಣ ಉದ್ಯಮಿಗಳು ಈ ಪ್ರಶ್ನೆಯನ್ನು ಕೇಳಿಯೇ ಕೇಳುತ್ತಾರೆ. ಅವರ ಮನಸ್ಸಿನಲ್ಲಿರುವುದು ಇವೆರಡೇ ದಾರಿ. ಯಂತ್ರ ಕೊಳ್ಳಲೆಂದು ಸರ್ಕಾರ ಕೊಟ್ಟ ಹಣಕ್ಕೆ ಸಾಮಾನ್ಯವಾಗಿ ಎರಡೂ ಹೊಂದುವುದಿಲ್ಲ. ಅದು ಮೊದಲು ಪುಸ್ತಕದಲ್ಲಿ 'ಮುಂದೂಡಿದ ಆದಾಯ' ಎಂದು ಕೂತು, ಯಂತ್ರ ಬಾಳುವಷ್ಟು ವರ್ಷ ಕಂತು ಕಂತಾಗಿ ಲಾಭದ ಲೆಕ್ಕಕ್ಕೆ ಇಳಿಯಬೇಕು. ಭಾರತೀಯ ಚಾರ್ಟರ್ಡ್ ಅಕೌಂಟೆಂಟ್‌ಗಳ ಸಂಸ್ಥೆ ರೂಪಿಸಿದ ಎಎಸ್ 12 ಎಂಬ ಲೆಕ್ಕಪತ್ರ ಮಾನದಂಡ ಒಪ್ಪುವ ಕ್ರಮ ಇದು. ದೊಡ್ಡ ಕಂಪನಿಗಳಿಗೆ ಅನ್ವಯಿಸುವ ಇಂಡ್ ಎಎಸ್ 20 ಕೂಡ ಇದನ್ನೇ ಹೇಳುತ್ತದೆ.

ಏಕೆ ಹೀಗೆ, ಇದರಿಂದ ಯಾರಿಗೆ ಏನು ಲಾಭ ಎಂಬುದು ಒಂದು ಘಟಕದ ಲೆಕ್ಕ ಬಿಡಿಸಿ ನೋಡಿದರೆ ತಿಳಿಯುತ್ತದೆ.

ಸಾವೆ ಘಟಕದ ಇಪ್ಪತ್ತು ಲಕ್ಷ

ಚಿತ್ರದುರ್ಗ ಜಿಲ್ಲೆಯ ಹೊಸದುರ್ಗದ ಕಡೆ ಸಾವೆ ಬೆಳೆಯುತ್ತಾರೆ. ಕೊಯ್ದ ಸಾವೆಯನ್ನು ಅಕ್ಕಿ ಮಾಡಿ ಮಾರಬೇಕೆಂದರೆ ಕಲ್ಲು ತೆಗೆಯುವ ಡಿಸ್ಟೋನರ್, ಗಾತ್ರ ಬೇರ್ಪಡಿಸುವ ಗ್ರೇಡರ್, ಸಿಪ್ಪೆ ತೆಗೆಯುವ ಯಂತ್ರ ಇಷ್ಟಾದರೂ ಬೇಕು. ಅಲ್ಲಿ ಒಬ್ಬ ಮಹಿಳೆ ಇಂಥ ಘಟಕ ತೆರೆದರು ಎಂದುಕೊಳ್ಳೋಣ. ಯಂತ್ರಗಳಿಗೆ ಬಿದ್ದ ಖರ್ಚು 20 ಲಕ್ಷ ರೂಪಾಯಿ. ಅಂಕಿಗಳು ಲೆಕ್ಕ ಸುಲಭವಾಗಲೆಂದು ಹಿಡಿದವು, ಯೋಜನೆಯ ನಿಯಮಗಳು ಮಾತ್ರ ನಿಜವಾದವು.

2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕಿರು ಆಹಾರ ಸಂಸ್ಕರಣಾ ಉದ್ಯಮಗಳ ಯೋಜನೆಯಲ್ಲಿ, ಅಂದರೆ ಎಲ್ಲರೂ ಪಿಎಂಎಫ್‌ಎಂಇ ಎಂದು ಕರೆಯುವ ಯೋಜನೆಯಲ್ಲಿ, ಒಂದು ಘಟಕಕ್ಕೆ ಯೋಜನಾ ವೆಚ್ಚದ ಶೇ 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ, ಸಾಲಕ್ಕೆ ಜೋಡಿಸಿದ ಸಹಾಯಧನ ಸಿಗುತ್ತದೆ. ಕರ್ನಾಟಕ ಸರ್ಕಾರ ಅದಕ್ಕೆ ಶೇ 15 ಸೇರಿಸಿ ಒಟ್ಟು ಶೇ 50ಕ್ಕೆ, ಗರಿಷ್ಠ 15 ಲಕ್ಷಕ್ಕೆ ಏರಿಸಿತು. ಹಾಗಾಗಿ ನಮ್ಮ ಘಟಕಕ್ಕೆ 10 ಲಕ್ಷ ಸಹಾಯಧನ. ಮಾಲಕಿ ಕೈಯಿಂದ ಹಾಕಬೇಕಾದ ಕನಿಷ್ಠ ಶೇ 10, ಅಂದರೆ 2 ಲಕ್ಷ. ಉಳಿದ 18 ಲಕ್ಷ ಬ್ಯಾಂಕಿನ ಅವಧಿ ಸಾಲ.

ಯಂತ್ರಗಳು 10 ವರ್ಷ ಕೆಲಸ ಮಾಡುತ್ತವೆ, ಆಮೇಲೆ ಗುಜರಿಗೂ ಬೆಲೆ ಇಲ್ಲ ಎಂದು ಅಂದಾಜು ಮಾಡೋಣ. ಆಗ ಪ್ರತಿ ವರ್ಷದ ಸವಕಳಿ 2 ಲಕ್ಷ. ಕೂಲಿ, ಕರೆಂಟು, ಬಡ್ಡಿ, ಸಾಗಣೆ ಎಲ್ಲ ಕಳೆದು, ಸವಕಳಿಗೆ ಮೊದಲು ಘಟಕದಲ್ಲಿ ವರ್ಷಕ್ಕೆ 4 ಲಕ್ಷ ಉಳಿಯುತ್ತದೆ ಎಂದಿಟ್ಟುಕೊಳ್ಳೋಣ. ವ್ಯಾಪಾರ ಏರಲೂ ಇಲ್ಲ, ಇಳಿಯಲೂ ಇಲ್ಲ.

ಒಂದೇ ವರ್ಷಕ್ಕೆ ಸುರಿದರೆ

ಮೊದಲ ದಾರಿ, ಸಬ್ಸಿಡಿಯನ್ನು ಬಂದ ವರ್ಷದ ಲಾಭಕ್ಕೆ ಹಾಕುವುದು. 4 ಲಕ್ಷದಲ್ಲಿ ಸವಕಳಿ 2 ಲಕ್ಷ ಕಳೆದು, ಸಬ್ಸಿಡಿ 10 ಲಕ್ಷ ಕೂಡಿಸಿದರೆ ಮೊದಲ ವರ್ಷದ ಲಾಭ 12 ಲಕ್ಷ. ಎರಡನೇ ವರ್ಷ ಅದು 2 ಲಕ್ಷಕ್ಕೆ ಕುಸಿಯುತ್ತದೆ. ಮುಂದೆ ಹತ್ತನೇ ವರ್ಷದವರೆಗೂ ಅದೇ 2 ಲಕ್ಷ.

ಎರಡು ವರ್ಷದ ಲೆಕ್ಕ ಅಕ್ಕಪಕ್ಕ ಇಟ್ಟುಕೊಂಡ ಬ್ಯಾಂಕ್ ಅಧಿಕಾರಿಗೆ ಏನು ಕಾಣುತ್ತದೆ? ಲಾಭ ಆರರಲ್ಲಿ ಒಂದು ಪಾಲಿಗೆ ಬಿದ್ದ ಘಟಕ ಕಾಣುತ್ತದೆ. ಗಿರಣಿಯಲ್ಲಿ ನಡೆದಿರುವುದೋ, ಅದೇ ಸಾವೆ, ಅದೇ ಗಿರಾಕಿ, ಅದೇ 4 ಲಕ್ಷ. ಪಾಲುದಾರಿಕೆ ಸಂಸ್ಥೆಯಾಗಿದ್ದರೆ ತೊಂದರೆ ಇನ್ನೂ ಹೆಚ್ಚು. ಮೊದಲ ವರ್ಷ 12 ಲಕ್ಷ ಲಾಭ ಎಂದು ಹಂಚಿಕೊಳ್ಳಲು ಕೂತರೆ ಹಂಚಲು ದುಡ್ಡೇ ಇರುವುದಿಲ್ಲ, ಅದು ಯಂತ್ರವಾಗಿ ಶೆಡ್ಡಿನಲ್ಲಿ ನಿಂತಿರುತ್ತದೆ.

ಎರಡನೇ ದಾರಿ, ನೇರವಾಗಿ ಬಂಡವಾಳಕ್ಕೆ ಸೇರಿಸುವುದು. ಆಗ ಸಬ್ಸಿಡಿ ಲಾಭದ ಲೆಕ್ಕವನ್ನು ಮುಟ್ಟುವುದೇ ಇಲ್ಲ. ಪ್ರತಿ ವರ್ಷ ಪೂರಾ 2 ಲಕ್ಷ ಸವಕಳಿ ಬೀಳುತ್ತದೆ, ಲಾಭ 2 ಲಕ್ಷವೇ. ಯಂತ್ರದ ಅರ್ಧ ಬೆಲೆಯನ್ನು ಮಾಲಕಿ ಕೊಟ್ಟೇ ಇಲ್ಲ, ಆದರೂ ಅವರ ಲೆಕ್ಕ ಪೂರ್ತಿ ಬೆಲೆಯ ಸವಕಳಿ ಹೊರುತ್ತದೆ. ಈ ದಾರಿ ಪೂರ್ತಿ ಮುಚ್ಚಿದ್ದಲ್ಲ. ಒಟ್ಟು ಬಂಡವಾಳ ಹೂಡಿಕೆಗೆ ಪ್ರವರ್ತಕರ ಪಾಲಿನಂತೆ ಕೊಟ್ಟ, ಮರಳಿಸಬೇಕಾಗಿಲ್ಲದ ಸಹಾಯಧನವನ್ನು ಬಂಡವಾಳ ಮೀಸಲಿಗೆ ಹಾಕಲು ಎಎಸ್ 12 ಅವಕಾಶ ಕೊಡುತ್ತದೆ. ಜಮೀನಿನಂತೆ ಸವೆಯದ ಆಸ್ತಿಗೆ ಬಂದ ಹಣವೂ, ಯಾವ ಷರತ್ತೂ ಇಲ್ಲದಿದ್ದರೆ, ಅಲ್ಲಿಗೇ ಹೋಗುತ್ತದೆ. ಬಂಡವಾಳ ದಪ್ಪ ಕಂಡರೆ ಮುಂದಿನ ಸಾಲ ಸಲೀಸು ಎಂಬ ಆಸೆಯಿಂದ ಯಂತ್ರದ ಸಬ್ಸಿಡಿಯನ್ನೂ ಅಲ್ಲಿಗೆ ತಳ್ಳುವವರಿದ್ದಾರೆ. ಇಂತಿಂಥ ಯಂತ್ರಕ್ಕೆ ಎಂದು ಮಂಜೂರಾದ ಹಣಕ್ಕೆ ಆ ಜಾಗ ಸಲ್ಲದು. ಮಂಜೂರಾತಿ ಪತ್ರದಲ್ಲಿ ಹಣ ಯಾವುದಕ್ಕೆ ಎಂದು ಬರೆದಿದೆಯೋ ಅದೇ ತೀರ್ಮಾನ ಮಾಡುತ್ತದೆ.

ಸವಕಳಿಗೆ ಜೊತೆಯಾಗಿ

ಈಗ ಮೂರನೇ ದಾರಿ. 10 ಲಕ್ಷವನ್ನು ಮೊದಲು ಬ್ಯಾಲೆನ್ಸ್ ಶೀಟಿನ ಹೊಣೆಗಳ ಕಡೆ 'ಮುಂದೂಡಿದ ಸರ್ಕಾರಿ ಸಹಾಯಧನ' ಎಂಬ ಹೆಸರಿನಲ್ಲಿ ನಿಲ್ಲಿಸಬೇಕು. ಯಂತ್ರ 20 ಲಕ್ಷಕ್ಕೇ ಆಸ್ತಿಯ ಕಡೆ ಇರುತ್ತದೆ. ವರ್ಷದ ಕೊನೆಗೆ ಎರಡು ನಮೂದು. ಒಂದು, 2 ಲಕ್ಷ ಸವಕಳಿ ಖರ್ಚಿಗೆ. ಇನ್ನೊಂದು, ಮುಂದೂಡಿದ ಖಾತೆಯಿಂದ 1 ಲಕ್ಷ ಇಳಿಸಿ ಆದಾಯಕ್ಕೆ. ಮೊದಲ ವರ್ಷದ ಲಾಭ 3 ಲಕ್ಷ, ಎರಡನೇ ವರ್ಷ 3 ಲಕ್ಷ, ಹತ್ತನೇ ವರ್ಷವೂ 3 ಲಕ್ಷ. ವ್ಯಾಪಾರ ಒಂದೇ ಸಮ ಇದ್ದಲ್ಲಿ ಲಾಭವೂ ಒಂದೇ ಸಮ ಕಾಣುತ್ತದೆ. ಹತ್ತು ವರ್ಷಕ್ಕೆ ಯಂತ್ರದ ಬೆಲೆಯೂ ಸೊನ್ನೆ, ಮುಂದೂಡಿದ ಖಾತೆಯೂ ಸೊನ್ನೆ.

ಇದರ ಹಿಂದಿನ ತರ್ಕ ಸರಳ. ಸರ್ಕಾರ ಹಣ ಕೊಟ್ಟದ್ದು ಒಂದು ಖರ್ಚಿನ ಭಾರ ತಗ್ಗಿಸಲು. ಆ ಖರ್ಚು ಬೀಳುವುದು ಯಂತ್ರ ಕೊಂಡ ದಿನವಲ್ಲ, ಯಂತ್ರ ಸವೆಯುತ್ತಾ ಹೋಗುವ ಅಷ್ಟೂ ವರ್ಷ. ಖರ್ಚು ಯಾವ ವರ್ಷದ್ದೋ ಅದನ್ನು ತಗ್ಗಿಸುವ ಹಣವೂ ಆ ವರ್ಷದ್ದೇ.

ಹೀಗಾಗಿ ಬಿಡುಗಡೆಯ ಗತಿಯನ್ನು ನಿರ್ಧರಿಸುವುದು ಸವಕಳಿ, ಹಣ ಬ್ಯಾಂಕಿಗೆ ಬಂದ ತಾರೀಖು ಅಲ್ಲ. ಯಂತ್ರ ಅಕ್ಟೋಬರ್ 1ರಂದು ಕೆಲಸ ಶುರು ಮಾಡಿದರೆ ಆ ವರ್ಷದ ಸವಕಳಿ ಆರು ತಿಂಗಳದ್ದು, 1 ಲಕ್ಷ. ಆಗ ಆದಾಯಕ್ಕೆ ಇಳಿಯಬೇಕಾದ್ದು 50,000 ಮಾತ್ರ. ಎಷ್ಟೋ ಪುಸ್ತಕಗಳಲ್ಲಿ ಸವಕಳಿಯನ್ನು ಆರು ತಿಂಗಳಿಗೆ ಸರಿಯಾಗಿ ಹಾಕಿ, ಸಬ್ಸಿಡಿಯನ್ನು ಮಾತ್ರ ಪೂರಾ ವರ್ಷದ್ದು ಇಳಿಸಿರುತ್ತಾರೆ. ಇಳಿಕೆಯ ಕ್ರಮದಲ್ಲಿ ಸವಕಳಿ ಹಾಕುವವರು, ಅಂದರೆ ಮೊದಮೊದಲು ಹೆಚ್ಚು, ಬರಬರುತ್ತಾ ಕಡಿಮೆ ಹಾಕುವವರು, ಸಬ್ಸಿಡಿಯನ್ನೂ ಅದೇ ಪ್ರಮಾಣದಲ್ಲಿ ಇಳಿಸಬೇಕು. ಸವಕಳಿ ಒಂದು ಕ್ರಮ, ಸಬ್ಸಿಡಿ ಇನ್ನೊಂದು ಕ್ರಮ ಆಗಬಾರದು.

ಇದೇ ಫಲ ಕೊಡುವ ಇನ್ನೊಂದು ಪದ್ಧತಿಯನ್ನೂ ಎಎಸ್ 12 ಒಪ್ಪುತ್ತದೆ. ಯಂತ್ರದ ಬೆಲೆಯಿಂದಲೇ ಸಬ್ಸಿಡಿ ಕಳೆದು, 10 ಲಕ್ಷಕ್ಕೆ ಯಂತ್ರವನ್ನು ಬರೆದುಕೊಳ್ಳುವುದು. ವರ್ಷದ ಸವಕಳಿ 1 ಲಕ್ಷ, ಲಾಭ ಅದೇ 3 ಲಕ್ಷ. ನಮೂದು ಕಡಿಮೆ, ತಲೆನೋವು ಕಡಿಮೆ. ನಷ್ಟ ಏನೆಂದರೆ, 20 ಲಕ್ಷದ ಯಂತ್ರ ಪುಸ್ತಕದಲ್ಲಿ 10 ಲಕ್ಷದ್ದಾಗಿ ಕಾಣುತ್ತದೆ. ವಿಮೆ ಮಾಡಿಸುವಾಗ ಪುಸ್ತಕ ನೋಡಿ 10 ಲಕ್ಷಕ್ಕೆ ಮಾಡಿಸಿದರೆ, ಬೆಂಕಿ ಬಿದ್ದ ದಿನ ಹೊಸ ಯಂತ್ರಕ್ಕೆ ಅರ್ಧ ದುಡ್ಡು ಸಾಲದೆ ಬರುತ್ತದೆ. ಮುಂದೂಡುವ ಪದ್ಧತಿಯಲ್ಲಿ ಯಂತ್ರದ ಬೆಲೆ ಎಷ್ಟು, ಅದರಲ್ಲಿ ಸರ್ಕಾರದ್ದೆಷ್ಟು ಎರಡೂ ಕಣ್ಣಿಗೆ ಕಾಣುತ್ತವೆ.

ಹಣ ಬಂದಿದೆ, ಆದರೂ ಬಂದಿಲ್ಲ

ಪಿಎಂಎಫ್‌ಎಂಇಯಲ್ಲಿ ಸಹಾಯಧನ ಮಾಲಕಿಯ ಕೈಗೆ ಬರುವುದಿಲ್ಲ. ಸಾಲ ಕೊಟ್ಟ ಬ್ಯಾಂಕಿನಲ್ಲೇ ಅವರ ಹೆಸರಿಗೆ ಜೋಡಿಸಿದ ಪ್ರತ್ಯೇಕ ಖಾತೆಯಲ್ಲಿ ಕೂರುತ್ತದೆ. ಸಾಲದ ಕೊನೆಯ ಕಂತು ಬಿಡುಗಡೆಯಾಗಿ ಮೂರು ವರ್ಷ ತುಂಬಿದಾಗ, ಸಾಲ ಸುಸ್ತಿಯಾಗದೆ ಸರಿಯಾಗಿದ್ದು ಘಟಕ ನಡೆಯುತ್ತಿದ್ದರೆ, ಆ ಹಣ ಸಾಲಕ್ಕೆ ಜಮೆಯಾಗುತ್ತದೆ. ಅಲ್ಲಿಯವರೆಗೆ ಸಹಾಯಧನದಷ್ಟು ಸಾಲಕ್ಕೆ ಬ್ಯಾಂಕು ಬಡ್ಡಿ ಹಾಕುವಂತಿಲ್ಲ.

ಹಾಗಾದರೆ ಮೊದಲ ವರ್ಷವೇ ಪುಸ್ತಕಕ್ಕೆ ತರಬಹುದೆ? ಎಎಸ್ 12 ಇಟ್ಟಿರುವ ಅಳತೆ ಎರಡು. ಷರತ್ತುಗಳನ್ನು ಪೂರೈಸುತ್ತೇವೆ ಎಂಬ ಸಮಂಜಸ ಭರವಸೆ ಇರಬೇಕು, ಹಣ ಸಿಗುವ ಭರವಸೆಯೂ ಇರಬೇಕು. ಹಣ ಬಂದ ಮಾತ್ರಕ್ಕೆ ಷರತ್ತು ಪೂರೈಸಿದ್ದಾಯಿತು ಎಂದು ತಿಳಿಯಬಾರದು ಎಂದೂ ಅದು ಸ್ಪಷ್ಟವಾಗಿ ಹೇಳುತ್ತದೆ. ಯಂತ್ರ ಓಡುತ್ತಿದೆ, ಕಂತು ತಪ್ಪಿಲ್ಲ, ಮಂಜೂರಾತಿ ಪತ್ರವಿದೆ, ಬ್ಯಾಂಕಿನ ಆ ಪ್ರತ್ಯೇಕ ಖಾತೆಯಲ್ಲಿ ಹಣ ಕೂತಿದೆ ಎಂದರೆ ಮುಂದೂಡಿದ ಆದಾಯವಾಗಿ ಬರೆದುಕೊಂಡು ವರ್ಷಕ್ಕೆ 1 ಲಕ್ಷ ಇಳಿಸಲು ಅಡ್ಡಿ ಇಲ್ಲ. ಅರ್ಜಿ ಮಾತ್ರ ಹಾಕಿದೆ, ಮಂಜೂರಾತಿ ಬಂದಿಲ್ಲ ಎಂದರೆ ಬರೆಯುವಂತಿಲ್ಲ. ಎರಡು ಕಂತು ತಪ್ಪಿ ಬ್ಯಾಂಕಿನಿಂದ ನೋಟಿಸು ಬಂದಿದ್ದರೂ ಸುಮ್ಮನೆ ಇಳಿಸುತ್ತಾ ಹೋಗುವುದೂ ಸರಿಯಲ್ಲ.

ಇಲ್ಲೊಂದು ಗೊಂದಲ ಆಗಾಗ ಕಾಣುತ್ತದೆ. ಮೂರು ವರ್ಷದ ಬಂಧನ ಇದೆಯಲ್ಲ, ಹಾಗಾಗಿ 10 ಲಕ್ಷವನ್ನು ಮೂರು ವರ್ಷಕ್ಕೆ ಹಂಚಿ ಇಳಿಸಬೇಕು ಎಂದು ಕೆಲವರು ವರ್ಷಕ್ಕೆ 3.33 ಲಕ್ಷ ಆದಾಯ ತೋರಿಸುತ್ತಾರೆ. ಮೂರು ವರ್ಷ ಎಂಬುದು ಹಣ ಕೈಬಿಟ್ಟು ಹೋಗದಿರಲು ಇಟ್ಟ ಷರತ್ತು. ಖರ್ಚು ಬೀಳುವುದು ಹತ್ತು ವರ್ಷ. ಇಳಿಸುವುದೂ ಹತ್ತು ವರ್ಷವೇ.

ವಾಪಸು ಕೊಡುವ ದಿನ ಬಂದರೆ

ಮೂರನೇ ವರ್ಷದ ಕೊನೆಗೆ ಷರತ್ತು ಮುರಿದು 10 ಲಕ್ಷವೂ ಸರ್ಕಾರಕ್ಕೆ ಮರಳಿತು ಎಂದುಕೊಳ್ಳಿ. ಅಷ್ಟರಲ್ಲಿ 3 ಲಕ್ಷ ಆದಾಯಕ್ಕೆ ಇಳಿದಿದೆ, ಮುಂದೂಡಿದ ಖಾತೆಯಲ್ಲಿ 7 ಲಕ್ಷ ಉಳಿದಿದೆ. ಮೊದಲು ಆ 7 ಲಕ್ಷವನ್ನು ತೀರಿಸಿಕೊಳ್ಳಬೇಕು. ಉಳಿದ 3 ಲಕ್ಷ ಅದೇ ವರ್ಷದ ಲಾಭ-ನಷ್ಟದ ಲೆಕ್ಕಕ್ಕೆ ಖರ್ಚಾಗಿ ಬೀಳುತ್ತದೆ. ಆ 3 ಲಕ್ಷ ಬೇರೆಯೇನೂ ಅಲ್ಲ, ಹಿಂದಿನ ಮೂರು ವರ್ಷ ಆದಾಯ ಎಂದು ತೋರಿಸಿದ ಹಣವೇ. ಪೂರ್ತಿ 10 ಲಕ್ಷವನ್ನು ಮೊದಲ ವರ್ಷವೇ ಲಾಭವೆಂದು ತೋರಿಸಿದವರು ಈ ಒಂದೇ ವರ್ಷ 10 ಲಕ್ಷದ ಹೊಡೆತ ತಿನ್ನಬೇಕಾಗುತ್ತಿತ್ತು.

ಬೆಲೆಯಿಂದ ಸಬ್ಸಿಡಿ ಕಳೆದು ಬರೆದವರಿಗೆ ಎಎಸ್ 12ರಲ್ಲಿ ನಿಯಮ ಬೇರೆ. ಅವರ ಪುಸ್ತಕದಲ್ಲಿ ಯಂತ್ರದ ಬೆಲೆ 7 ಲಕ್ಷ ಉಳಿದಿರುತ್ತದೆ. ವಾಪಸು ಕೊಟ್ಟ 10 ಲಕ್ಷ ಅದಕ್ಕೆ ಸೇರಿ 17 ಲಕ್ಷ ಆಗುತ್ತದೆ. ಅದನ್ನು ಉಳಿದ ಏಳು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಸುಮಾರು 2.43 ಲಕ್ಷ ಸವಕಳಿ. ಎರಡು ಪದ್ಧತಿಗಳ ಲಾಭ ವರ್ಷ ವರ್ಷವೂ ಒಂದೇ ಎಂದು ಮೇಲೆ ಹೇಳಿದ್ದು ಹಣ ವಾಪಸು ಹೋಗದಿರುವವರೆಗೆ ಮಾತ್ರ.

ಇನ್ನೊಂದು ಸಂದರ್ಭ, ಯಂತ್ರ ಮಾರುವುದು. ಆರು ವರ್ಷ ಓಡಿಸಿ ಮಾಲಕಿ ಯಂತ್ರಗಳನ್ನು 6 ಲಕ್ಷಕ್ಕೆ ಮಾರಿದರು. ಷರತ್ತಿನ ಅವಧಿ ಮುಗಿದಿದೆ, ಸರ್ಕಾರಕ್ಕೆ ಏನೂ ಕೊಡಬೇಕಾಗಿಲ್ಲ. ಪುಸ್ತಕದ ಬೆಲೆ 8 ಲಕ್ಷ, ಆದ್ದರಿಂದ ಮಾರಾಟದಲ್ಲಿ 2 ಲಕ್ಷ ನಷ್ಟ. ಅದೇ ಹೊತ್ತಿಗೆ ಮುಂದೂಡಿದ ಖಾತೆಯಲ್ಲಿ ಉಳಿದ 4 ಲಕ್ಷವೂ ಆದಾಯಕ್ಕೆ ಇಳಿಯಬೇಕು. ಯಂತ್ರವೇ ಇಲ್ಲದ ಮೇಲೆ ಅದರ ಸಬ್ಸಿಡಿ ಮುಂದೂಡುವುದು ಯಾವುದರ ಲೆಕ್ಕಕ್ಕೆ? ಮಾರಾಟದ ನಮೂದು ಮಾಡಿ ಈ ನಮೂದು ಮರೆಯುವುದು ತೀರಾ ಸಾಮಾನ್ಯ. ಯಂತ್ರ ಹೋಗಿ ಐದಾರು ವರ್ಷವಾದರೂ ಅದರ ಸಬ್ಸಿಡಿ ಟ್ಯಾಲಿಯಲ್ಲಿ ಹಾಗೇ ಉಳಿದಿರುತ್ತದೆ. ಹೊಸದಾಗಿ ಬಂದ ಲೆಕ್ಕಿಗರಿಗೆ ಅದು ಯಾರಿಗೋ ಕೊಡಬೇಕಾದ ಸಾಲದಂತೆ ಕಾಣುತ್ತದೆ.

ತೆರಿಗೆಯ ಲೆಕ್ಕವೇ ಬೇರೆ

ಪುಸ್ತಕದಲ್ಲಿ ಮುಂದೂಡಿದ ಮಾತ್ರಕ್ಕೆ ಆದಾಯ ತೆರಿಗೆ ಅದನ್ನೇ ಅನುಸರಿಸುವುದಿಲ್ಲ. ಇದರ ಹಿಂದೆ ಒಂದು ಮೊಕದ್ದಮೆಯ ಕಥೆಯಿದೆ. 1994ರಲ್ಲಿ ಪಿ.ಜೆ. ಕೆಮಿಕಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಹಿಂದುಳಿದ ಪ್ರದೇಶಗಳಲ್ಲಿ ಕೈಗಾರಿಕೆ ಬೆಳೆಯಲೆಂದು ಕೊಟ್ಟ ಸಬ್ಸಿಡಿಯನ್ನು ಯಂತ್ರದ ಬೆಲೆಯಿಂದ ಕಳೆಯಬೇಕಾಗಿಲ್ಲ ಎಂದು ತೀರ್ಪಿತ್ತಿತು. ಅಂದರೆ ಉದ್ಯಮಿಗಳು ಪೂರ್ತಿ ಬೆಲೆಯ ಮೇಲೆ ಸವಕಳಿ ಪಡೆಯಬಹುದಾಯಿತು. 1998ರಲ್ಲಿ ಸಂಸತ್ತು ಕಾಯ್ದೆಯ 43(1) ಕಲಮಿಗೆ ಹತ್ತನೇ ವಿವರಣೆ ಸೇರಿಸಿ ಆ ಬಾಗಿಲು ಮುಚ್ಚಿತು. ಆಸ್ತಿಯ ಬೆಲೆಯಲ್ಲಿ ಸರ್ಕಾರ ಭರಿಸಿದ ಪಾಲನ್ನು ಕಳೆದೇ ಸವಕಳಿ ಲೆಕ್ಕ ಹಾಕಬೇಕು ಎಂದಾಯಿತು.

ನಮ್ಮ ಘಟಕದಲ್ಲಿ ತೆರಿಗೆಯ ದೃಷ್ಟಿಗೆ ಯಂತ್ರದ ಬೆಲೆ 10 ಲಕ್ಷ. ಯಂತ್ರಗಳಿಗೆ ಸಾಮಾನ್ಯ ದರ ಶೇ 15, ಇಡೀ ವರ್ಷ ಬಳಸಿದ್ದರೆ ಮೊದಲ ವರ್ಷದ ಸವಕಳಿ 1.5 ಲಕ್ಷ. ಈಗ ಪುಸ್ತಕದ 3 ಲಕ್ಷ ಲಾಭದಿಂದ ಶುರು ಮಾಡಿ. ಪುಸ್ತಕದ ಸವಕಳಿ 2 ಲಕ್ಷ ಕೂಡಿಸಿ, ಇಳಿಸಿಕೊಂಡ ಸಬ್ಸಿಡಿ 1 ಲಕ್ಷ ಕಳೆಯಿರಿ, 4 ಲಕ್ಷ. ತೆರಿಗೆಯ ಸವಕಳಿ 1.5 ಲಕ್ಷ ಕಳೆದರೆ ತೆರಿಗೆಗೆ ಒಳಪಡುವ ವ್ಯಾಪಾರದ ಆದಾಯ 2.5 ಲಕ್ಷ.

ತಪ್ಪಾಗುವುದು ಆ ಒಂದು ಲಕ್ಷದಲ್ಲಿ. ಅದನ್ನು ಕಳೆಯದೆ ಬಿಟ್ಟರೆ ಆದಾಯ 3.5 ಲಕ್ಷ ಆಗುತ್ತದೆ. ಒಮ್ಮೆ ಸವಕಳಿ ಕಡಿಮೆ ಪಡೆದು, ಇನ್ನೊಮ್ಮೆ ಅದೇ ಸಬ್ಸಿಡಿಯನ್ನು ಆದಾಯವೆಂದೂ ತೋರಿಸಿ, ಒಂದೇ ಹಣಕ್ಕೆ ಎರಡು ಸಲ ತೆರಿಗೆ ಕಟ್ಟಿದಂತೆ. ಹತ್ತು ವರ್ಷವೂ ಹೀಗೆ ನಡೆದರೆ 10 ಲಕ್ಷಕ್ಕೆ ಸುಮ್ಮನೆ ತೆರಿಗೆ ಹೋಗುತ್ತದೆ. ಇದಕ್ಕೆ ತದ್ವಿರುದ್ಧ ತಪ್ಪು, ಪುಸ್ತಕದಲ್ಲಿ ಯಂತ್ರ 20 ಲಕ್ಷ ಎಂದಿದೆಯಲ್ಲ ಎಂದು ಅದರ ಮೇಲೆ 3 ಲಕ್ಷ ಸವಕಳಿ ಪಡೆಯುವುದು. ಅದು ಸಿಕ್ಕಿಬಿದ್ದ ದಿನ ತೆರಿಗೆ, ಬಡ್ಡಿ, ದಂಡ ಮೂರೂ ಬರುತ್ತವೆ.

ಒಂದು ಭಾಗಾಕಾರ ಸಾಕು

ಇಷ್ಟೆಲ್ಲ ಸರಿಯಾಗಿ ನಡೆದಿದೆಯೇ ಎಂದು ತಿಳಿಯಲು ಲೆಕ್ಕಶಾಸ್ತ್ರ ಓದಿರಬೇಕಾಗಿಲ್ಲ. ಯಂತ್ರದ ಬೆಲೆಯಲ್ಲಿ ಸಬ್ಸಿಡಿಯ ಪಾಲು ಮೊದಲ ದಿನ ಎಷ್ಟಿತ್ತೋ, ಉಳಿದ ಪುಸ್ತಕದ ಬೆಲೆಯಲ್ಲಿ ಮುಂದೂಡಿದ ಖಾತೆಯ ಪಾಲು ಪ್ರತಿ ಮಾರ್ಚ್ 31ರಂದೂ ಅಷ್ಟೇ ಇರಬೇಕು. ನಮ್ಮ ಘಟಕದಲ್ಲಿ ನಾಲ್ಕು ವರ್ಷ ಮುಗಿದಾಗ ಯಂತ್ರ 12 ಲಕ್ಷ, ಮುಂದೂಡಿದ ಖಾತೆ 6 ಲಕ್ಷ, ಅರ್ಧಕ್ಕೆ ಅರ್ಧ. ಅಲ್ಲಿ 12 ಲಕ್ಷದ ಎದುರು 10 ಲಕ್ಷವೇ ನಿಂತಿದ್ದರೆ ಯಾರೂ ಇಳಿಸಿಯೇ ಇಲ್ಲ. 3 ಲಕ್ಷವಿದ್ದರೆ ಅವಸರದಲ್ಲಿ ಇಳಿಸಿದ್ದಾರೆ. ಯಂತ್ರ ಸೊನ್ನೆಯಾಗಿ ಖಾತೆಯಲ್ಲಿ ಮಾತ್ರ ಮೊತ್ತ ಇದ್ದರೆ, ಮಾರಿದ ಯಂತ್ರದ ಸಬ್ಸಿಡಿ ಮರೆತುಹೋಗಿದೆ. ಯಂತ್ರಕ್ಕೆ ಕೊನೆಯಲ್ಲಿ ಗುಜರಿ ಬೆಲೆ ಹಿಡಿದಿದ್ದರೆ ಆ ಮೊತ್ತವನ್ನು ಎರಡೂ ಕಡೆಯ ಬೆಲೆಯಿಂದ ಬಿಟ್ಟು ಭಾಗಿಸಬೇಕು, ಅಷ್ಟೇ ವ್ಯತ್ಯಾಸ.

ಸಬ್ಸಿಡಿ ಪಡೆದು ಯಂತ್ರ ಹಾಕಿರುವವರು ಮುಂದಿನ ಸಲ ಆಡಿಟರ್ ಬಳಿ ಹೋದಾಗ ಮೂರು ಅಂಕಿ ಕೇಳಿ ಬರೆದುಕೊಳ್ಳಿ: ಯಂತ್ರದ ಈಗಿನ ಪುಸ್ತಕದ ಬೆಲೆ, ಮುಂದೂಡಿದ ಸಹಾಯಧನದ ಬಾಕಿ, ತೆರಿಗೆಯ ಲೆಕ್ಕದಲ್ಲಿ ಆ ವರ್ಷ ಕಳೆದ ಸಬ್ಸಿಡಿಯ ಮೊತ್ತ. ಮೊದಲ ಎರಡನ್ನು ಭಾಗಿಸಿ ನೋಡಿ. ಮೂರನೆಯದು ಸೊನ್ನೆ ಎಂದರೆ ಏಕೆ ಎಂದು ಕೇಳದೆ ರಿಟರ್ನ್‌ಗೆ ಸಹಿ ಹಾಕಬೇಡಿ.